ಕಾಯಿ ಚಟ್ನಿ ನೀರೊಡೆಯುವುದೂ ಹುಳಿಯಾಗುವುದೂ ಎಲ್ಲಿಂದ ಶುರುವಾಗುತ್ತದೆ

ಹಾಸನದ ಒಂದು ತಿಂಡಿ ಹೋಟೆಲಿನಲ್ಲಿ ಚಟ್ನಿ ರುಬ್ಬುವುದು ನನ್ನ ಕೆಲಸ. ಇಡ್ಲಿ, ದೋಸೆ, ಉದ್ದಿನವಡೆ ಎಲ್ಲಕ್ಕೂ ಒಂದೇ ಕಾಯಿ ಚಟ್ನಿ. ತಟ್ಟೆಯಲ್ಲಿ ನೀರು ಒಂದು ಕಡೆ, ಕಾಯಿಯ ಚರಟ ಇನ್ನೊಂದು ಕಡೆ ನಿಂತರೆ ದೋಸೆ ಎಷ್ಟೇ ಗರಿಗರಿಯಾಗಿದ್ದರೂ ತಿನ್ನುವವರಿಗೆ ಸಮಾಧಾನವಿಲ್ಲ. ನೀರು ಹೆಚ್ಚಾಯಿತು ಎಂದು ಎಲ್ಲರೂ ಹೇಳಿಬಿಡುತ್ತಾರೆ. ಆದರೆ ಒಂದೇ ಅಳತೆಯ ನೀರು ಹಾಕಿದ ಎರಡು ಚಟ್ನಿಗಳಲ್ಲಿ ಒಂದು ಗಂಟೆಗಟ್ಟಲೆ ಹಾಗೆಯೇ ಇರುತ್ತದೆ, ಇನ್ನೊಂದು ಅರ್ಧ ಗಂಟೆಯೊಳಗೆ ಒಡೆಯುತ್ತದೆ. ನೀರನ್ನು ಯಾವ ಹಂತದಲ್ಲಿ ಹಾಕಿದೆವು ಎನ್ನುವುದೇ ಇಲ್ಲಿ ಮುಖ್ಯ.

ಮೊದಲಿಗೇ ಧಾರಾಳವಾಗಿ ನೀರು ಸುರಿದರೆ ಕಾಯಿತುರಿ ನೀರಿನಲ್ಲಿ ತೇಲಿಕೊಂಡು ಸುಮ್ಮನೆ ಸುತ್ತುತ್ತದೆ. ಕಲ್ಲಿಗಾಗಲಿ ಮಿಕ್ಸಿಯ ಬ್ಲೇಡಿಗಾಗಲಿ ಸರಿಯಾಗಿ ಸಿಗುವುದಿಲ್ಲ. ಕಾಯಿಯ ಹಾಲು ಮಾತ್ರ ಬಿಟ್ಟುಕೊಳ್ಳುತ್ತದೆ, ನಾರು ದಪ್ಪದಪ್ಪವಾಗಿಯೇ ಉಳಿಯುತ್ತದೆ. ದಪ್ಪ ಚೂರು ತಳಕ್ಕೆ ಇಳಿಯುತ್ತದೆ, ತೆಳು ಹಾಲು ಮೇಲೆ ನಿಲ್ಲುತ್ತದೆ. ಆಮೇಲೆ ಎಷ್ಟು ಹೊತ್ತು ತಿರುಗಿಸಿದರೂ ಆ ಚೂರುಗಳು ನುಣ್ಣಗಾಗುವುದಿಲ್ಲ.

ನಾನು ಒಂದು ಕಿಲೋ ಕಾಯಿತುರಿಗೆ 200 ಗ್ರಾಂ ಹುರಿಗಡಲೆ ಹಾಕುತ್ತೇನೆ. ಮೊದಲು ಹುರಿಗಡಲೆ, ಹಸಿಮೆಣಸಿನಕಾಯಿ, ಒಂದು ತುಂಡು ಶುಂಠಿಯನ್ನು ನೀರಿಲ್ಲದೆ ಪುಡಿ ಮಾಡಿಕೊಳ್ಳುತ್ತೇನೆ. ಕಾಯಿ ಬಿದ್ದ ಮೇಲೆ ಹುರಿಗಡಲೆ ಹಾಕಿದರೆ ಅರ್ಧ ಕಾಳು ಹಾಗೆಯೇ ಉಳಿದು ಹಲ್ಲಿಗೆ ಸಿಗುತ್ತದೆ. ಪುಡಿಯಾದ ಹುರಿಗಡಲೆ ನೀರನ್ನು ಹೀರಿ ಕಾಯಿಯ ಹಾಲನ್ನೂ ಚೂರನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಇದರ ಮೇಲೆ ಕಾಯಿತುರಿ, ಸುಮಾರು 300 ಮಿಲಿಲೀಟರ್ ನೀರು, ಅಷ್ಟೇ. ಗ್ರೈಂಡರ್ ಸ್ವಲ್ಪ ತಿಣುಕಬೇಕು, ಮುದ್ದೆ ಕಲ್ಲಿಗೆ ಹತ್ತಿಕೊಂಡು ಮೇಲೇರಬೇಕು. ಅದನ್ನು ಕೆಳಕ್ಕೆ ಬಳಿದು ಬಳಿದು ಹಾಕುತ್ತಾ ಗಟ್ಟಿಯಾಗಿಯೇ ರುಬ್ಬಬೇಕು. ಬೆರಳುಗಳ ನಡುವೆ ಉಜ್ಜಿದರೆ ಚಿರೋಟಿ ರವೆಯಷ್ಟು ತರಿ ಸಿಕ್ಕಾಗ ಉಳಿದ ನೀರನ್ನು ಒಂದೊಂದು ಲೋಟದಂತೆ ಬಿಡುತ್ತೇನೆ. ಪ್ರತಿ ಲೋಟವೂ ಪೂರ್ತಿ ಸೇರಿಕೊಂಡ ಮೇಲೆ ಇನ್ನೊಂದು. ಉಪ್ಪು ಕೊನೆಗೆ. ಇದಕ್ಕಿಂತ ನುಣ್ಣಗೆ ರುಬ್ಬುವುದು ನನಗೆ ಸರಿ ಕಾಣುವುದಿಲ್ಲ. ಮಿಕ್ಸಿಯಲ್ಲಿ ತುಂಬ ಹೊತ್ತು ಓಡಿಸಿದರೆ ಜಾರು ಬಿಸಿಯಾಗಿ ಕಾಯಿ ಎಣ್ಣೆ ಬಿಡುತ್ತದೆ, ಚಟ್ನಿಯ ರುಚಿ ಜಿಡ್ಡಾಗುತ್ತದೆ.

ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಒಂದು ಚಮಚ ಚಟ್ನಿಯನ್ನು ಒಣ ಸ್ಟೀಲ್ ತಟ್ಟೆಯ ನಡುವೆ ಹಾಕಿ ಐದು ನಿಮಿಷ ಬಿಡುತ್ತೇನೆ. ಚೆನ್ನಾಗಿ ಹಿಡಿದ ಚಟ್ನಿಯ ಅಂಚು ಮಂದವಾಗಿ, ಬೆಳ್ಳಗೆ ಇರುತ್ತದೆ. ಹಿಡಿಯದ ಚಟ್ನಿಯ ಸುತ್ತ ಮೊದಲು ಹೊಳೆಯುವ ತೆಳು ಗೆರೆ ಕಾಣಿಸುತ್ತದೆ. ತಟ್ಟೆಯನ್ನು ಸ್ವಲ್ಪ ಓರೆ ಮಾಡಿದರೆ ಆ ಗೆರೆ ಸೋಸಿದ ನೀರಿನಂತೆ ಹರಿದು, ಚರಟ ಅಲ್ಲಿಯೇ ನಿಲ್ಲುತ್ತದೆ. ಹಾಗಾದರೆ ಎರಡು ಹಿಡಿ ಹುರಿಗಡಲೆ ಪುಡಿ ಸೇರಿಸಿ ಇನ್ನೊಮ್ಮೆ ತಿರುಗಿಸಿದರೆ ಆ ಹೊತ್ತಿಗೆ ನಡೆಯುತ್ತದೆ. ಇದೇ ರೂಢಿಯಾಗಬಾರದು. ಹುರಿಗಡಲೆ ಹೆಚ್ಚಾದ ಚಟ್ನಿ ಇಟ್ಟಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೆ ಮತ್ತೆ ನೀರು ಬೆರೆಸುತ್ತೇವೆ, ಕೊನೆಗೆ ಕಾಯಿಯ ರುಚಿಯೇ ಉಳಿಯುವುದಿಲ್ಲ.

ಕಾಯಿಯ ಪಾಲೂ ಇದೆ. ನಮಗೆ ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯಿಂದ ಕಾಯಿ ಬರುತ್ತದೆ. ಬಲಿತು, ಅಲ್ಲಾಡಿಸಿದರೆ ನೀರು ಸದ್ದು ಮಾಡುವ ಕಾಯಿ ಚಟ್ನಿಗೆ ಒಳ್ಳೆಯದು. ಎಳೆಯ ಕಾಯಿಯ ತಿರುಳಿನಲ್ಲಿ ನೀರು ಹೆಚ್ಚು, ಜಿಡ್ಡು ಕಡಿಮೆ. ಅಂಥದ್ದು ಬಂದ ದಿನ ಕೊನೆಯ ಎರಡು ಲೋಟ ನೀರನ್ನು ಬಿಟ್ಟುಬಿಡುತ್ತೇನೆ. ಒಡೆದ ಕಾಯಿಯ ಒಳಗಿನ ನೀರನ್ನು ಚಟ್ನಿಗೆ ಹಾಕುವವರಿದ್ದಾರೆ. ಮನೆಯಲ್ಲಿ ರುಬ್ಬಿದ ಕೂಡಲೇ ಉಣ್ಣುವುದಾದರೆ ಅಡ್ಡಿಯಿಲ್ಲ. ಅದರಲ್ಲಿ ಸಕ್ಕರೆಯ ಅಂಶ ಇರುವುದರಿಂದ ಗಂಟೆಗಟ್ಟಲೆ ಇಡುವ ಚಟ್ನಿಗೆ ನಾನು ಹಾಕುವುದಿಲ್ಲ. ಕುದಿಸಿ ಆರಿಸಿದ ನೀರೇ ಸಾಕು.

ಇನ್ನು ಹುಳಿಯ ಮಾತು. ಒಂದು ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ರುಬ್ಬಿದ ಚಟ್ನಿ ಒಂಬತ್ತೂವರೆಗೆಲ್ಲ ನಾಲಿಗೆಗೆ ಚುರುಕ್ ಎನ್ನತೊಡಗಿತು. ಪಾತ್ರೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ. ಯಜಮಾನರು ಕಾಯಿಯ ಮೇಲೆ ಅನುಮಾನಪಟ್ಟರು.

"ಅಕ್ಕ, ಈ ಸಲದ ಕಾಯಿ ಹಳತಿರಬೇಕು, ಮಂಡಿಯವರಿಗೆ ಫೋನ್ ಮಾಡುತ್ತೇನೆ" ಎಂದರು.

"ಸ್ವಲ್ಪ ತಾಳಿ ಅಣ್ಣ, ಒಂಬತ್ತರ ಚಟ್ನಿಯನ್ನೂ ನೋಡೋಣ" ಎಂದೆ.

ಒಂಬತ್ತಕ್ಕೆ ರುಬ್ಬಿದ್ದು ಅದೇ ಮೂಟೆಯ ಕಾಯಿ, ಅದೇ ನೀರು, ಅದೇ ಅಳತೆ. ಅದು ಮಧ್ಯಾಹ್ನ ಒಂದು ಗಂಟೆಯವರೆಗೂ ಚೆನ್ನಾಗಿಯೇ ಇತ್ತು. ನನ್ನ ತಲೆಗೆ ಹೊಳೆದದ್ದು ಇಲ್ಲಿಯೇ. ಆರರ ಚಟ್ನಿ ಬೆಳಗಿನ ತಂಪಿನಲ್ಲಿ ಇದ್ದದ್ದು, ಒಂಬತ್ತರದ್ದು ನಡುಹಗಲ ಸೆಕೆಯಲ್ಲಿ. ಸೆಕೆಯೇ ಕಾರಣವಾಗಿದ್ದರೆ ಎರಡನೆಯದು ಬೇಗ ಕೆಡಬೇಕಿತ್ತು. ಕಾಯಿ ಕಾರಣವಾಗಿದ್ದರೆ ಎರಡೂ ಕೆಡಬೇಕಿತ್ತು. ಆರಕ್ಕೆ ಇದ್ದು ಒಂಬತ್ತಕ್ಕೆ ಇಲ್ಲದ್ದು ಏನು ಎಂದು ನೋಡಿದರೆ, ಉಳಿದದ್ದು ಗ್ರೈಂಡರ್ ಒಂದೇ.

ರಾತ್ರಿ ದೋಸೆ ಹಿಟ್ಟು ರುಬ್ಬುವುದೂ ಅದರಲ್ಲಿಯೇ. ರಾತ್ರಿ ನೀರು ಹೊಯ್ದು ತಿರುಗಿಸಿ ತೊಳೆಯುತ್ತಿದ್ದರು, ಮೇಲ್ನೋಟಕ್ಕೆ ಚೊಕ್ಕವಾಗಿಯೇ ಇರುತ್ತಿತ್ತು. ಕಲ್ಲನ್ನು ಎತ್ತಿ ನೋಡಿದರೆ ಅದರ ಅಡಿಯಲ್ಲಿ, ಹಿಟ್ಟು ಬಳಿಯುವ ಪಟ್ಟಿಯ ಹಿಂದೆ ಬೆರಳಿಗೆ ಹತ್ತುವಷ್ಟು ಹಿಟ್ಟು. ರಾತ್ರಿಯಿಡೀ ಅದು ಹುಳಿ ಬಂದಿತ್ತು. ದೋಸೆ ಹಿಟ್ಟನ್ನು ಉಬ್ಬಿಸುವ ಜೀವಾಣುಗಳೇ ಚಟ್ನಿಗೂ ಇಳಿಯುತ್ತಿದ್ದವು, ಒಂದು ಪಾತ್ರೆ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದ ಹಾಗೆ. ಆರರ ಚಟ್ನಿ ಅದನ್ನೆಲ್ಲ ಬಳಿದುಕೊಂಡು ಹೋಗುತ್ತಿತ್ತು, ಆಮೇಲೆ ಕಲ್ಲು ಬಿಚ್ಚಿ ತೊಳೆದು ರುಬ್ಬಿದ್ದರಿಂದ ಒಂಬತ್ತರದ್ದು ಉಳಿಯುತ್ತಿತ್ತು. ಈಗ ರಾತ್ರಿಯೇ ಕಲ್ಲು ಬಿಚ್ಚಿ ಉಜ್ಜುತ್ತಾರೆ, ಬೆಳಿಗ್ಗೆ ರುಬ್ಬುವ ಮೊದಲು ನಾನು ಕುದಿಯುವ ನೀರು ಹೊಯ್ದು ಚೆಲ್ಲುತ್ತೇನೆ. ಮನೆಯ ಮಿಕ್ಸಿಯಲ್ಲಿ ಇದೇ ಜಾಗ ಬ್ಲೇಡಿನ ಅಡಿಯ ಸಂದು ಮತ್ತು ಮುಚ್ಚಳದ ವಾಷರ್. ವಾಷರನ್ನು ಬಿಚ್ಚಿ ಮೂಸಿ ನೋಡಿದರೆ ಗೊತ್ತಾಗುತ್ತದೆ.

ಅದೇ ಕಾರಣಕ್ಕೆ ಹಳೆಯ ಚಟ್ನಿಯ ಮೇಲೆ ಹೊಸದನ್ನು ಸುರಿಯಲು ನಾನು ಬಿಡುವುದಿಲ್ಲ. ತಳದಲ್ಲಿ ಒಂದು ಸೌಟು ಉಳಿದಿದ್ದರೂ ಪಾತ್ರೆ ಬದಲಾಯಿಸಬೇಕು. ರುಬ್ಬಿದ್ದನ್ನೆಲ್ಲ ಒಮ್ಮೆಗೇ ತೆಳು ಮಾಡುವುದೂ ಇಲ್ಲ. ಗಟ್ಟಿ ಚಟ್ನಿಯನ್ನು ಫ್ರಿಜ್‌ನಲ್ಲಿಟ್ಟು, ಒಂದು ಗಂಟೆಗೆ ಬೇಕಾದಷ್ಟನ್ನು ಮಾತ್ರ ಹೊರಗೆ ತೆಗೆದು ನೀರು ಬೆರೆಸಿ ಒಗ್ಗರಣೆ ಹಾಕುತ್ತೇನೆ. ಹುಳಿ ಬಂದದ್ದನ್ನು ಬಿಸಿ ಮಾಡಿಯೋ ಮೆಣಸಿನಕಾಯಿ ಹೆಚ್ಚಿಸಿಯೋ ಬಡಿಸುವಂತಿಲ್ಲ, ಚೆಲ್ಲಲೇಬೇಕು.

ಡಿಸೆಂಬರ್, ಜನವರಿಯಲ್ಲಿ ನಮ್ಮೂರಿನ ಬೆಳಗಿಗೆ ಒಂದು ಬದಲಾವಣೆ ಬೇಕಾಗುತ್ತದೆ. ಕಾಯಿಯ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಆ ಚಳಿಯಲ್ಲಿ ತಣ್ಣೀರು ಹಾಕಿ ರುಬ್ಬಿದರೆ ಚಟ್ನಿಯಲ್ಲಿ ಬಿಳಿ ಕಾಳಿನಂತೆ ಜಿಡ್ಡು ಕಟ್ಟಿಕೊಳ್ಳುತ್ತದೆ. ಜನ ಅದನ್ನು ಸರಿಯಾಗಿ ರುಬ್ಬಿಲ್ಲ ಎಂದುಕೊಳ್ಳುತ್ತಾರೆ. ಆಗ ನೀರು ಉಗುರುಬೆಚ್ಚಗಿರಬೇಕು, ಫ್ರಿಜ್‌ನಿಂದ ತೆಗೆದ ಗಟ್ಟಿ ಚಟ್ನಿಗೂ ಅದೇ ನೀರನ್ನೇ ಬೆರೆಸಬೇಕು. ಬೇಸಿಗೆಯಲ್ಲಿ ಮಾತ್ರ ತಣ್ಣೀರು.