ಬಿದಿರಿನ ಲ್ಯಾಂಪ್‌ಶೇಡ್: ಒಳಗಿನ ಗಾಳಿಗೂ ಬಾಡಿಗೆ

ಎರಡು ಕೆಜಿಯ ಬಿದಿರಿನ ಶೇಡ್‌ಗೆ ಕೊರಿಯರ್‌ನವರು ಪ್ರತಿ ಸಲ ಎಂಟು ಕೆಜಿಯ ಬಿಲ್ ಹಾಕುತ್ತಿದ್ದ ಗುಟ್ಟು ಅಂತೂ ಗೊತ್ತಾಯಿತು. ಬಿದಿರು ಸೀಳುವುದು, ಬೋರಾಕ್ಸ್ ನೀರಲ್ಲಿ ನೆನೆಸುವುದು, ಹೆಣೆಯುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ಬಿಡೋಣ. ಈ ಸಲ ಪೂರ್ತಿ ಕೊರಿಯರ್ ಪುರಾಣ.

ನನ್ನ ದುಂಡು ಶೇಡ್ ಬಾಕ್ಸ್ ಸಮೇತ ಎರಡು ಕೆಜಿ ದಾಟುವುದಿಲ್ಲ. ಆದರೆ ಕೊರಿಯರ್‌ನವರು ತಕ್ಕಡಿ ತೂಕ, ಅಳತೆ ತೂಕ ಎರಡನ್ನೂ ನೋಡಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಅಳತೆ ತೂಕ. ನನ್ನ ಬಾಕ್ಸ್ 32×32×30. ಅಂದರೆ 6.14, ಅರ್ಧ ಕೆಜಿ ಲೆಕ್ಕದಲ್ಲಿ ಆರೂವರೆ. ಇಷ್ಟಕ್ಕೆ ನಾನು ಒಪ್ಪಿಕೊಂಡಿದ್ದೆ. ಆದರೆ ಪ್ರತಿ ಸಲವೂ ಪಾರ್ಸೆಲ್ ಹಬ್ ತಲುಪಿದ ಮೇಲೆ ‘ತೂಕ ವ್ಯತ್ಯಾಸ’ ಅಂತ ಎಂಟು ಕೆಜಿಯ ಬಿಲ್ ಬರುತ್ತಿತ್ತು. ವಾಲೆಟ್‌ನಿಂದ ದುಡ್ಡು ಹೇಳದೆ ಕೇಳದೆ ಕಟ್. ಅಲ್ಲಿ ಬಾಕ್ಸ್ ಅಳೆಯುವ ಸ್ಕ್ಯಾನರ್ ಮಂಕಾಗಿದೆ ಅಂತ ಬೈದುಕೊಂಡು, ಬಾಕ್ಸ್ ಮೇಲೆ ಅಳತೆ ಟೇಪ್ ಇಟ್ಟು, ಲೇಬಲ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ದೂರು ಕೊಡೋಣ ಅಂತ ಹೊರಟೆ. ಟೇಪ್ ಇಟ್ಟಾಗಲೇ ಗೊತ್ತಾಗಿದ್ದು, ಸ್ಕ್ಯಾನರ್ ಸುಳ್ಳು ಹೇಳುತ್ತಿರಲಿಲ್ಲ!

ಬಾಕ್ಸ್ ಮಾರುವವರು ಹೇಳುವುದು ಒಳಗಿನ ಅಳತೆ. ನನ್ನದು ಐದು ಪದರದ ರಟ್ಟು, ದಪ್ಪ ಸುಮಾರು ಆರೂವರೆ ಮಿಲಿಮೀಟರ್. ಎರಡು ಗೋಡೆ ಸೇರಿದರೆ 1.3 ಸೆಂಟಿಮೀಟರ್. ಎತ್ತರದಲ್ಲಂತೂ ಮೇಲೆ ಎರಡು, ಕೆಳಗೆ ಎರಡು ಮಡಿಕೆ, ಒಟ್ಟು 2.6. ಸ್ಕ್ಯಾನರ್ ದಶಾಂಶವನ್ನು ಮೇಲಕ್ಕೇ ಏರಿಸುತ್ತದೆ. ಹಾಗಾಗಿ 34×34×33, ಅಂದರೆ 7.63, ಅಂದರೆ ಎಂಟು. ನಮ್ಮ ಬಾಕ್ಸ್ ಅಂಗಡಿಯವನನ್ನು ಕೇಳಿದರೆ "ಸಾರ್, ಸಾಮಾನು ಒಳಗಲ್ವಾ ಇಡೋದು?" ಅಂದ. ಏನು ಹೇಳಲಿ. ಮೂರು ಪದರದ್ದು ಕೊಡು ಅಂದರೆ, ಒಳಗೆ ಬಬಲ್ ರ‍್ಯಾಪ್ ತುರುಕಿದ ಕೂಡಲೇ ಅದು ಹೊಟ್ಟೆ ಬಿಡುತ್ತದೆ. ಸ್ಕ್ಯಾನರ್ ಆ ಹೊಟ್ಟೆಯನ್ನೂ ಅಳೆಯುತ್ತದೆ.

ಈಗ ರೇಟ್ ಕಾರ್ಡ್ ನೋಡುವ ರೀತಿಯೇ ಬದಲಾಗಿದೆ. ಲೆಕ್ಕಕ್ಕೆ ಅಂದುಕೊಳ್ಳಿ, ಒಬ್ಬರು ಕೆಜಿಗೆ 40 ರೂಪಾಯಿ, ಭಾಗಿಸುವುದು 5000ದಿಂದ. ಇನ್ನೊಬ್ಬರು 35 ರೂಪಾಯಿ, ಆದರೆ 4000ದಿಂದ. ಅದೇ ಬಾಕ್ಸ್‌ಗೆ ಮೊದಲಿನವರಲ್ಲಿ 320, ಎರಡನೆಯವರಲ್ಲಿ ಹತ್ತು ಕೆಜಿಯಾಗಿ 350. ಅಗ್ಗ ಅಂತ ಹೋದವನಿಗೆ ಮೂವತ್ತು ರೂಪಾಯಿ ದಂಡ. ಚಿಕ್ಕ, ಭಾರದ ಸಾಮಾನು ಮಾಡುವವರಿಗೆ ಮಾತ್ರ ಎರಡನೆಯವರೇ ಸರಿ, ಅವರಿಗೆ ಭಾಗಾಕಾರದ ಚಿಂತೆಯೇ ಇಲ್ಲ.

ಊರಿನ ವಿಷಯಕ್ಕೆ ಬಂದರೆ, ಬೆಂಗಳೂರು, ಮೈಸೂರಿಗೆ ಖಾಸಗಿ ಕೊರಿಯರ್. ಮಲೆನಾಡಿನ ಒಂಟಿ ಮನೆಗಳಿಗೆ ಸ್ಪೀಡ್ ಪೋಸ್ಟ್. ಪಿನ್‌ಕೋಡ್ ಹಾಕಿದರೆ ಖಾಸಗಿಯವರ ಸ್ಕ್ರೀನ್ ಮೇಲೂ ಹಸಿರು ಗುರುತು ಬರುತ್ತದೆ. ಆಮೇಲೆ "ಪೇಟೆಗೆ ಬಂದು ತಗೊಂಡು ಹೋಗಿ" ಅಂತ ಗಿರಾಕಿಗೆ ಫೋನ್ ಹೋಗುತ್ತದೆ. ಪೋಸ್ಟ್‌ಮನ್‌ಗಾದರೆ ಮನೆ ಗೊತ್ತು. ಗುವಾಹಟಿಯಿಂದ ಒಬ್ಬರು ಆರ್ಡರ್ ಮಾಡಿದ್ದಾರೆ. ಅಸ್ಸಾಂಗೆ ಬಿದಿರು ಕಳಿಸುತ್ತಿದ್ದೇನೆ, ನಗಬೇಡಿ. ಈಶಾನ್ಯಕ್ಕೆ ರೇಟ್ ಬೇರೆಯೇ ವಲಯದ್ದು, ಆ ಸಾಗಣೆ ಖರ್ಚನ್ನು ಮೊದಲೇ ಹೇಳಿ ದುಡ್ಡು ತಗೊಂಡೆ.

ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು: ಪ್ರೀಮಿಯಂ ನೋಡುವ ಮೊದಲು ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿ ಓದಿ. ಕಳೆದುಹೋದರೆ ಕೊಡುತ್ತಾರೆ, ಒಡೆದರೆ ‘ಪ್ಯಾಕಿಂಗ್ ಸರಿ ಇರಲಿಲ್ಲ’ ಅನ್ನುತ್ತಾರೆ. ಅದಕ್ಕೇ ನಾನು ಪ್ಯಾಕ್ ಮಾಡುವುದನ್ನೂ ವಿಡಿಯೋ ಮಾಡುತ್ತೇನೆ.

ವಾಪಸ್ ಬರುವುದು ಇನ್ನೂ ಕಷ್ಟ. ಹೋಗುವ ದುಡ್ಡಿನ ಮೇಲೆ ಬರುವ ದುಡ್ಡು, ಅದೂ ಎಂಟು ಕೆಜಿಗೆ. ಕ್ಯಾಷ್ ಆನ್ ಡೆಲಿವರಿ ನಿಲ್ಲಿಸಿದ್ದು ಅದಕ್ಕೇ. ‘ಗಿರಾಕಿ ಮನೆಯಲ್ಲಿಲ್ಲ’ ಅಂತ ಕೊರಿಯರ್‌ನವರ ಮೆಸೇಜ್ ಬಂದ ದಿನವೇ ಗಿರಾಕಿಗೆ ಫೋನ್ ಮಾಡುತ್ತೇನೆ. ಅರ್ಧಕ್ಕರ್ಧ ಸಲ ಅವರು ಮನೆಯಲ್ಲೇ ಇರುತ್ತಾರೆ! ಆಗಲೇ ಮರು ಡೆಲಿವರಿ ಕೇಳಿದರೆ ವಾಪಸ್ ತಪ್ಪುತ್ತದೆ. ವಾಪಸ್ ಬಂದದ್ದು ನಜ್ಜುಗುಜ್ಜಾಗಿದ್ದರೆ ಓಟಿಪಿ ಕೊಡುವ ಮೊದಲೇ ಡೆಲಿವರಿ ಹುಡುಗನ ಎದುರು ಫೋಟೋ ತೆಗೆಯಬೇಕು, ರಸೀದಿ ಇದ್ದರೆ ಅದರ ಮೇಲೂ ಬರೆಸಬೇಕು. ಓಟಿಪಿ ಹೋಯಿತೋ, ‘ಸುಸ್ಥಿತಿಯಲ್ಲಿ ತಲುಪಿದೆ’ ಅಂತ ಲೆಕ್ಕ.

ಆದರೆ ನಿಜವಾದ ಮದ್ದು ಕೊರಿಯರ್ ಬದಲಿಸುವುದಲ್ಲ, ಶೇಡ್ ಬದಲಿಸುವುದು. ಈಗ ಅದನ್ನು ನಿಲುವಾಗಿ ಎರಡು ಹೋಳು ಮಾಡಿ, ಒಂದರೊಳಗೆ ಒಂದು ಕೂರಿಸಿ, ಜೋಡಿಸಲು ಬೆತ್ತದ ದಾರ ಇಡುತ್ತಿದ್ದೇನೆ. ಹೊರಗಿನ ಅಳತೆ 34×19×33, ನಾಲ್ಕೂವರೆ ಕೆಜಿ. ಮೇಲಿನ 40 ರೂಪಾಯಿ ಲೆಕ್ಕದಲ್ಲಿ 320 ಇದ್ದದ್ದು 180 ಆಗುತ್ತದೆ. ದಾರ ಬಿಗಿಯುವುದು ಹೇಗೆ ಅಂತ ಗಿರಾಕಿಗಳ ಫೋನ್ ಮಾತ್ರ ಜಾಸ್ತಿಯಾಗಿದೆ.

ಮುಂದಿನದು ಪೂರ್ತಿ ಮಡಚುವ ಶೇಡ್. ಹಳೇ ಬೀಸಣಿಗೆಯ ಹಾಗೆ ಕಡ್ಡಿಗಳನ್ನು ಒಂದು ಬದಿಗೆ ಪೋಣಿಸಿದರೆ ಹೊರಗಿನ ಅಳತೆ 40×40×6ರ ಬಾಕ್ಸ್ ಸಾಕು, ಎರಡು ಕೆಜಿಗೆ ಬಿಲ್. ಮೊದಲ ಮಾದರಿ ಬಿಚ್ಚುವಾಗ ತುದಿಯ ಕಡ್ಡಿಗಳು ಸೀಳಿದವು. ಗಂಟಿನ ಹತ್ತಿರದ ತುಂಡು ಹಾಕಿ ನೋಡಬೇಕು. ಯಾರಾದರೂ ಮಾಡಿದ್ದರೆ ಕಡ್ಡಿಯ ದಪ್ಪ ಎಷ್ಟಿಟ್ಟಿರಿ ಹೇಳಿ.