ಆನ್‌ಲೈನ್ ಆಗುವ ಮುಂಚಿನ ಅರ್ಧ ಗಂಟೆ

ಸಂಜೆ ಆರೂವರೆಗೆ ನನ್ನ ಡೆಲಿವರಿ ಸ್ಲಾಟ್ ಶುರು. ಆರಕ್ಕೆಲ್ಲಾ ಗಾಡಿ ಹತ್ತಿರ ಇರುತ್ತೇನೆ. ಕಾಮಾಕ್ಷಿಪಾಳ್ಯದ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಇದು ಗೊತ್ತು. ಆವತ್ತು ಸೋಮವಾರ ಪಕ್ಕದ ಮನೆ ಹುಡುಗ ಕೂಡ ಅಲ್ಲೇ ನಿಂತಿದ್ದ. ಕುಣಿಗಲ್ ಕಡೆಯವನು, ಬೆಂಗಳೂರಿಗೆ ಬಂದು ಎರಡು ತಿಂಗಳಾಗಿದೆ, ಡೆಲಿವರಿಗೆ ಸೇರಿ ನಾಲ್ಕೇ ದಿನ. ಹಿಂದಿನ ದಿನ ಅವನಿಗೆ ಆರ್ಡರೇ ಸರಿಯಾಗಿ ಬಂದಿರಲಿಲ್ಲ. "ಅಣ್ಣ, ಒಂದ್ಸಲ ನನ್ ಫೋನ್ ನೋಡ್ತೀರಾ?" ಅಂದ. ಫೋನ್ ಆಮೇಲೆ, ಮೊದಲು ಗಾಡಿ ಅಂದೆ.

ಗಾಡಿಯೇ ಮೊದಲು ಯಾಕೆ ಅಂದರೆ, ಆನ್‌ಲೈನ್ ಆದಮೇಲೆ ನಮ್ಮ ಟೈಮ್ ನಮ್ಮದಲ್ಲ. ಬ್ಯಾಗಲ್ಲಿ ಯಾರದೋ ಊಟ ಇದ್ದಾಗ ಟೈರ್ ಕೂತರೆ ಊಟ ಆರುತ್ತದೆ, ಆರ್ಡರ್ ಬೇರೆಯವರಿಗೆ ಹೋಗುತ್ತದೆ, ರೇಟಿಂಗ್ ಬೀಳುತ್ತದೆ. ಹೋದ ವರ್ಷ ನನಗೆ ನಾಯಂಡಹಳ್ಳಿ ಹತ್ತಿರ ರಾತ್ರಿ ಹತ್ತು ಗಂಟೆಗೆ ಹಾಗೇ ಆಯಿತು. ಮಳೆ ಬೇರೆ. ಪಂಕ್ಚರ್ ಅಂಗಡಿ ಸಿಗುವವರೆಗೆ ಗಾಡಿ ತಳ್ಳಿದ್ದೇನೆ. ಆವತ್ತು ಸಂಜೆ ಹೊರಡುವಾಗ ಟೈರನ್ನು ಕಾಲಲ್ಲಿ ಒದ್ದು ನೋಡಿ, ಗಟ್ಟಿ ಇದೆ ಅಂತ ಹೋಗಿದ್ದೆ. ಒದ್ದರೆ ಏನೂ ಗೊತ್ತಾಗುವುದಿಲ್ಲ. ಹತ್ತು ಪಾಯಿಂಟ್ ಗಾಳಿ ಕಡಿಮೆ ಇದ್ದರೂ ಸ್ಕೂಟರ್ ಟೈರ್ ಒದೆಗೆ ಗಟ್ಟಿಯಾಗೇ ಅನ್ನಿಸುತ್ತದೆ. ಮಾರನೇ ದಿನವೇ ಪೆನ್ ತರದ ಒಂದು ಗೇಜ್ ತಗೊಂಡೆ, ಈಗ ಅದು ಡಿಕ್ಕಿಯಲ್ಲೇ ಇರುತ್ತದೆ.

ನನ್ನದು 110 ಸಿಸಿ ಗಾಡಿ. ಅದರ ಜೊತೆ ಬಂದ ಪುಸ್ತಕದಲ್ಲಿ ಮುಂದಿನ ಟೈರ್‌ಗೆ 22, ಹಿಂದಿನದಕ್ಕೆ ಒಬ್ಬರೇ ಇದ್ದರೆ 29, ಇಬ್ಬರಿದ್ದರೆ 36 ಪಿಎಸ್‌ಐ ಅಂತ ಇದೆ, ನಾವು ಪಾಯಿಂಟ್ ಅನ್ನುವುದು ಇದನ್ನೇ. ನಾವು ಲೆಕ್ಕಕ್ಕೆ ಒಬ್ಬರೇ, ಆದರೆ ದಿನಸಿ ಆರ್ಡರ್ ಬಂದರೆ ನೀರಿನ ಕ್ಯಾನು, ಹಿಟ್ಟು ಎಲ್ಲಾ ಸೇರಿ ಹಿಂದೆ ಜಾಸ್ತಿ ಭಾರ ಬೀಳುತ್ತದೆ. ಅದಕ್ಕೆ ನಾನು ಹಿಂದೆ 32 ಇಡುತ್ತೇನೆ. ನಿಮ್ಮ ಗಾಡಿಯ ಲೆಕ್ಕ ಬೇರೆ ಇರಬಹುದು, ಅದರ ಪುಸ್ತಕ ನೋಡಿ. ಗಾಳಿಯನ್ನು ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿದ್ದಾಗಲೇ ನೋಡಬೇಕು. ಓಡಿಸಿ ಬಿಸಿಯಾದರೆ ಎರಡು ಮೂರು ಪಾಯಿಂಟ್ ಮೇಲೇ ತೋರಿಸುತ್ತದೆ, ಗಾಳಿ ಇಳಿದಿದ್ದು ಅದರಲ್ಲಿ ಮುಚ್ಚಿಹೋಗುತ್ತದೆ.

ಆವತ್ತು ನನ್ನ ಮುಂದಿನ ಟೈರ್ ಸರಿಯಿತ್ತು. ಹಿಂದಿನದು 26. ಭಾನುವಾರ ಮಧ್ಯಾಹ್ನವೇ 32 ಮಾಡಿದ್ದೆ. ಒಳ್ಳೆ ಟೈರ್ ಸುಮ್ನೆ ನಿಂತಿದ್ದರೆ ತಿಂಗಳಿಗೆ ಒಂದೆರಡು ಪಾಯಿಂಟ್ ಇಳಿಯುವುದು ಸಹಜ. ಒಂದೇ ದಿನಕ್ಕೆ ಆರು ಇಳಿದಿದೆ ಅಂದರೆ ಎಲ್ಲೋ ತೂತಿದೆ. ಹುಡುಗ ಮಾತ್ರ, "26 ಇದ್ಯಲ್ಲಣ್ಣ, ಗಾಳಿ ಹೊಡ್ಸಿದ್ರೆ ಆಯ್ತು" ಅಂದ. ಗಾಳಿ ಹೊಡೆಸಿಕೊಂಡು ಹೋಗಬಹುದು, ಒಂಬತ್ತು ಗಂಟೆವರೆಗೆ ಓಡುತ್ತದೆ ಕೂಡ. ಆಮೇಲೆ ನಾಯಂಡಹಳ್ಳಿ ಕಥೆಯೇ.

ಮನೆಯಿಂದ ಒಂದು ಮಗ್ ನೀರಿಗೆ ಸ್ವಲ್ಪ ಶಾಂಪೂ ಹಾಕಿ ತಂದೆ. ಮೊದಲು ಗಾಳಿ ತುಂಬುವ ವಾಲ್ವ್ ಬಾಯಿಗೆ ಬಿಟ್ಟು ನೋಡಿದೆ, ಗುಳ್ಳೆ ಬರಲಿಲ್ಲ. ಅದರ ಬುಡವನ್ನು ಸ್ವಲ್ಪ ಬಗ್ಗಿಸಿಯೂ ನೋಡಿದೆ, ರಬ್ಬರ್ ಹಳೆಯದಾಗಿದ್ದರೆ ಬಿರುಕು ಬಿಟ್ಟು ಅಲ್ಲಿಂದಲೂ ಗಾಳಿ ಹೋಗುತ್ತದೆ. ಅದೂ ಸರಿಯಿತ್ತು. ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ನಿಧಾನಕ್ಕೆ ತಿರುಗಿಸುತ್ತಾ ಟೈರ್ ಮೇಲೆ ಸುತ್ತಲೂ ನೊರೆನೀರು ಬಿಟ್ಟೆವು. ಮುಕ್ಕಾಲು ಸುತ್ತು ಆದಮೇಲೆ ಒಂದು ಕಡೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು ಒಡೆಯಿತು, ಮತ್ತೆ ಎದ್ದಿತು. ಟಾರ್ಚ್ ಹಾಕಿ ನೋಡಿದರೆ ಗೀರಿನ ಮಧ್ಯೆ ತಂತಿಯ ಚೂರು. ಹುಡುಗ ಕೀಳೋಕೆ ಕೈ ಹಾಕಿದ, ತಡೆದೆ. ಟ್ಯೂಬ್‌ಲೆಸ್ ಟೈರಲ್ಲಿ ಆ ತಂತಿಯೇ ತೂತಿಗೆ ಬಿರಡೆ. ಅದು ಇರುವವರೆಗೆ ನಿಧಾನಕ್ಕೆ ಇಳಿಯುತ್ತದೆ. ಕಿತ್ತರೆ ಅಲ್ಲೇ ಕೂತುಬಿಡುತ್ತದೆ, ಅಂಗಡಿವರೆಗೂ ಹೋಗಲಾಗುವುದಿಲ್ಲ. ಹಾಗೇ ಮೆಲ್ಲಗೆ ಓಡಿಸಿಕೊಂಡು ಮಾಗಡಿ ರೋಡ್ ಪಂಕ್ಚರ್ ಅಂಗಡಿಗೆ ಹೋಗಿ ಸ್ಟ್ರಿಪ್ ಹಾಕಿಸಿ, 32 ಮಾಡಿಸಿಕೊಂಡು ಬಂದೆ. ಹೋಗಿ ಬರೋದಕ್ಕೆ ಹತ್ತು ನಿಮಿಷ. ಆರೂವರೆ ಆದಮೇಲಾಗಿದ್ದರೆ ಇದೇ ಹತ್ತು ನಿಮಿಷಕ್ಕೆ ಒಂದು ಆರ್ಡರ್ ಹೋಗಿರುತ್ತಿತ್ತು.

ನಾನು ಬರುವಷ್ಟರಲ್ಲಿ ಅವನ ಗಾಡಿಯ ಬ್ರೇಕ್ ನೋಡು ಅಂತ ಹೇಳಿ ಹೋಗಿದ್ದೆ. "ಹಿಡಿತಾ ಇದೆ ಅಣ್ಣ" ಅಂದ. ಎಡಗೈ ಲಿವರ್ ಒತ್ತಿ ನೋಡಿದೆ, ಹ್ಯಾಂಡಲ್ ಹತ್ತಿರ ಬಂದಮೇಲೆ ಹಿಡಿಯುತ್ತಿತ್ತು. ಲಿವರ್ ತುದಿ ಒಂದೆರಡು ಸೆಂಟಿಮೀಟರ್ ಸಡಿಲವಾಗಿ ಬಂದು ಆಮೇಲೆ ಬಿಗಿಯಾದರೆ ಸರಿ, ಅದಕ್ಕಿಂತ ಜಾಸ್ತಿ ಇದ್ದರೆ ಟೈಟ್ ಮಾಡಬೇಕು. ಈಗಿನ ಸಣ್ಣ ಗಾಡಿಗಳಲ್ಲಿ ಎಡಗೈ ಲಿವರ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ, ಹಾಗಾಗಿ ಅದು ಸಡಿಲ ಆದರೆ ಎರಡೂ ಕಡೆ ನಷ್ಟ. ಟೈಟ್ ಮಾಡುವ ನಟ್ ಹಿಂದಿನ ಚಕ್ರದ ಹತ್ತಿರ, ಬ್ರೇಕ್ ಕೇಬಲ್ ತುದಿಯಲ್ಲಿ ಇರುತ್ತದೆ. ಅರ್ಧರ್ಧ ಸುತ್ತು ತಿರುಗಿಸಿ, ಪ್ರತಿ ಸಲ ಚಕ್ರ ಕೈಯಲ್ಲಿ ತಿರುಗಿಸಿ ನೋಡಬೇಕು. ಉಜ್ಜುವ ಸದ್ದು ಬಂದರೆ ಜಾಸ್ತಿ ಆಯ್ತು ಅಂತ.

ಆದರೆ ಟೈಟ್ ಮಾಡುತ್ತಾ ಹೋಗುವುದಕ್ಕೂ ಒಂದು ಮಿತಿ ಇದೆ, ಸುಮಾರು ಜನ ಅದನ್ನು ನೋಡುವುದಿಲ್ಲ. ತುಂಬಾ ಗಾಡಿಗಳ ಡ್ರಮ್ ಬ್ರೇಕಲ್ಲಿ, ಕೇಬಲ್ ಎಳೆಯುವ ಆ ಸಣ್ಣ ಕೈ ಇದೆಯಲ್ಲ, ಅದರ ಬುಡದಲ್ಲಿ ಒಂದು ಬಾಣದ ಗುರುತು ಇರುತ್ತದೆ. ಪಕ್ಕದಲ್ಲೇ ಡ್ರಮ್ ತಟ್ಟೆ ಮೇಲೆ ಇನ್ನೊಂದು ಗುರುತು. ಒಬ್ಬರು ಲಿವರ್ ಪೂರ್ತಿ ಒತ್ತಿ ಹಿಡಿದಾಗ ಬಾಣ ಆ ಗುರುತಿನ ಎದುರಿಗೆ ಬಂದರೆ ಒಳಗೆ ಬ್ರೇಕ್ ಶೂ ಸವೆದಿದೆ, ಹೊಸದು ಹಾಕಿಸಲೇಬೇಕು. ಅವನದು ಇನ್ನೂ ದೂರ ಇತ್ತು. ಎರಡು ಸಲ ಅರ್ಧರ್ಧ ಸುತ್ತು ತಿರುಗಿಸಿದ್ದಕ್ಕೆ ಲಿವರ್ ಸರಿಯಾಯಿತು. ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಗೋಡೆ ಮೇಲೆ ಕೆಂಪು ಬೆಳಕು ಬೀಳುತ್ತದಾ ಅಂತಲೂ ನೋಡಿದೆವು, ಕತ್ತಲಾಗುವ ಹೊತ್ತಲ್ಲಿ ಒಬ್ಬರೇ ನೋಡಿಕೊಳ್ಳಲು ಇದೇ ಸುಲಭ.

ಆಮೇಲೆ ಫೋನ್. ಭಾನುವಾರ ಅವನು ವಿಜಯನಗರದಲ್ಲಿ ಹೋಟೆಲುಗಳ ಎದುರಿಗೇ ಒಂದೂವರೆ ಗಂಟೆ ಕೂತಿದ್ದನಂತೆ. ಪಕ್ಕದಲ್ಲಿ ಕೂತವರೆಲ್ಲಾ ಎದ್ದು ಹೋಗುತ್ತಿದ್ದರು. ಇವನಿಗೆ ಒಂದೇ ಆರ್ಡರ್. ಆಪ್ ತೆಗೆದು ನೋಡಿದಾಗಲೆಲ್ಲಾ ಆನ್‌ಲೈನ್ ಅಂತಲೇ ಇತ್ತು. "ಹೊಸಬ್ರಿಗೆ ಕೊಡಲ್ಲ ಅಂತಾರೆ ಅಣ್ಣ, ನಿಜಾನಾ?" ಅಂದ. ಪಾಪ, ಅವನಿಗೆ ರಾತ್ರಿ ಎಲ್ಲಾ ಅದೇ ಯೋಚನೆ. "ನೋಡದೇ ಇದ್ದಾಗ ಫೋನ್ ಎಲ್ಲಿತ್ತು?" ಅಂತ ಕೇಳಿದೆ. ಬ್ಯಾಟರಿ ಉಳಿಯಲಿ ಅಂತ ಸ್ಕ್ರೀನ್ ಆಫ್ ಮಾಡಿ ಜೇಬಲ್ಲಿ ಇಟ್ಟಿದ್ದನಂತೆ.

ಅಲ್ಲೇ ನನಗೆ ಅನುಮಾನ ಬಂತು. ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೆ ಕೆಲವು ಫೋನ್‌ಗಳು ಹಿಂದೆ ಓಡುತ್ತಿರುವ ಆಪ್‌ಗಳನ್ನು ಬ್ಯಾಟರಿ ಉಳಿಸಲು ಮಲಗಿಸಿಬಿಡುತ್ತವೆ. ಆಗ ನಾವು ಎಲ್ಲಿದ್ದೇವೆ ಅನ್ನುವುದು ಕಂಪನಿಗೆ ಹೋಗುವುದಿಲ್ಲ, ಆರ್ಡರೂ ನಮ್ಮ ತನಕ ಬರುವುದಿಲ್ಲ. ನಾವು ಜೇಬಿಂದ ತೆಗೆದು ಆಪ್ ತೆರೆದ ತಕ್ಷಣ ಅದು ಎದ್ದು ಮತ್ತೆ ಸೇರಿಕೊಳ್ಳುತ್ತದೆ, ಹಸಿರು ತೋರಿಸುತ್ತದೆ. ಅದಕ್ಕೇ ಎಷ್ಟು ಸಲ ನೋಡಿದರೂ ತಪ್ಪು ಸಿಗುವುದಿಲ್ಲ. ನೋಡದೇ ಇರುವಾಗ ಏನಾಗುತ್ತದೆ ಅಂತ ಪರೀಕ್ಷೆ ಮಾಡಬೇಕು.

ಆಪ್ ಅವನಿಗೆ ಸ್ಲಾಟ್ ಶುರುವಾಗುವ ಮುಂಚೆಯೇ ಆನ್‌ಲೈನ್ ಆಗಲು ಬಿಡುತ್ತಿತ್ತು. ಆನ್ ಮಾಡಿಸಿದೆ. ಮೇಲಿನ ಪರದೆ ಎಳೆದರೆ ಆಪ್‌ನ ನೋಟಿಫಿಕೇಶನ್ ಒಂದು ಕೂತಿತ್ತು, ಆಪ್ ಓಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಸ್ಕ್ರೀನ್ ಆಫ್ ಮಾಡಿ ಸೀಟ್ ಮೇಲಿಟ್ಟು ಐದು ನಿಮಿಷ ಮುಟ್ಟಲಿಲ್ಲ. ಆಮೇಲೆ ಲಾಕ್ ತೆಗೆದು, ಆಪ್ ತೆರೆಯದೆ, ಪರದೆ ಮಾತ್ರ ಎಳೆದು ನೋಡಿದೆವು. ಆ ನೋಟಿಫಿಕೇಶನ್ ಇರಲಿಲ್ಲ. ಅವನ ಮುಖ ನೋಡಬೇಕಿತ್ತು. ಒಂದೂವರೆ ಗಂಟೆ ಯಾಕೆ ಖಾಲಿ ಹೋಯಿತು ಅಂತ ಅವನಿಗೆ ಆಗ ಅರ್ಥವಾಯಿತು.

ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿಗೆ ಹೋಗಿ, ನಮ್ಮ ಆಪ್ ತೆಗೆದು, ಬ್ಯಾಟರಿ ಅನ್ನುವ ಕಡೆ Unrestricted ಮಾಡಿದೆವು. ಅಲ್ಲೇ ಲೊಕೇಶನ್ ಅನುಮತಿಯೊಳಗೆ Use precise location ಆಫ್ ಇತ್ತು, ಅದನ್ನೂ ಆನ್ ಮಾಡಿದೆವು. ಅದು ಆಫ್ ಇದ್ದರೆ ನಾವು ಇರುವ ಜಾಗದ ಬದಲು ಏರಿಯಾ ಮಾತ್ರ ಗೊತ್ತಾಗುತ್ತದೆ, ಹೋಟೆಲ್ ಎದುರಿಗೇ ನಿಂತರೂ ದೂರ ಇದ್ದಂತೆ ಲೆಕ್ಕ. ಫೋನ್‌ನ ಬ್ಯಾಟರಿ ಸೇವರ್ ಕೂಡ ಆಫ್ ಮಾಡಿಸಿದೆ. ಬ್ಯಾಟರಿ ಬೇಗ ಖಾಲಿಯಾಗುತ್ತದಲ್ವಾ ಅಂದ. ಆಗುತ್ತದೆ, ಅದಕ್ಕೆ ಪವರ್ ಬ್ಯಾಂಕ್ ಬೇಕು, ಬೇರೆ ದಾರಿ ನನಗಂತೂ ಸಿಕ್ಕಿಲ್ಲ. ಈ ಸೆಟ್ಟಿಂಗ್ ಒಂದು ಸಲ ಮಾಡಿದರೆ ಮುಗಿಯಿತು ಅಂತಲೂ ಅಲ್ಲ. ಫೋನ್ ಅಪ್‌ಡೇಟ್ ಆದಮೇಲೆ, ಆಪ್ ತೆಗೆದು ಮತ್ತೆ ಹಾಕಿದಮೇಲೆ ಹಳೆಯದಕ್ಕೆ ಹೋಗಿರಬಹುದು. ಹಾಗಾಗಿ ನಾನು ದಿನಾ ಗಾಳಿ ನೋಡುವಾಗ ಫೋನನ್ನು ಸ್ಕ್ರೀನ್ ಆಫ್ ಮಾಡಿ ಸೀಟ್ ಮೇಲೆ ಇಟ್ಟಿರುತ್ತೇನೆ, ಗಾಡಿ ಕೆಲಸ ಮುಗಿಯುವಷ್ಟರಲ್ಲಿ ಈ ಪರೀಕ್ಷೆಯೂ ಮುಗಿದಿರುತ್ತದೆ.

ಮತ್ತೆ ಐದು ನಿಮಿಷ ಬಿಟ್ಟೆವು. ಈ ಸಲ ನೋಟಿಫಿಕೇಶನ್ ಹಾಗೇ ಇತ್ತು. ಮ್ಯಾಪ್ ತೆಗೆದು ನೀಲಿ ಚುಕ್ಕೆ ನೋಡಿದರೆ ಸುತ್ತ ದೊಡ್ಡ ತಿಳಿನೀಲಿ ವೃತ್ತ ಇತ್ತು. ನಮ್ಮ ಗಲ್ಲಿಯಲ್ಲಿ ಎರಡೂ ಕಡೆ ನಾಲ್ಕು ಮಹಡಿ ಮನೆಗಳು, ಆಕಾಶವೇ ಕಾಣುವುದಿಲ್ಲ. ಮೇನ್ ರೋಡಿಗೆ ತಳ್ಳಿಕೊಂಡು ಬಂದ ಮೇಲೆ ವೃತ್ತ ಸಣ್ಣದಾಗಿ ಚುಕ್ಕೆಗೆ ಅಂಟಿಕೊಂಡಿತು. ಜೇಬಲ್ಲಿ ಫೋನ್ ಇಟ್ಟುಕೊಂಡು ಹೊರಟ. ನಾನು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದೆ, ಅವನು ಇನ್ನೂ ಸಿಗ್ನಲ್ ತಲುಪಿರಲಿಲ್ಲ, ಗಾಡಿ ಪಕ್ಕಕ್ಕೆ ನಿಲ್ಲಿಸಿ ಫೋನ್ ಮೇಲೆತ್ತಿ ತೋರಿಸಿದ. ಆರ್ಡರ್ ಬಂದಿತ್ತು.

ರಾತ್ರಿ ಹನ್ನೊಂದೂವರೆಗೆ ಮನೆಗೆ ಬಂದಾಗ ಹಿಂದಿನ ಟೈರ್ ಗೇಜಲ್ಲಿ 34 ತೋರಿಸಿತು. ಬಿಸಿ ಟೈರ್, ಅದನ್ನು ನಂಬಲಿಲ್ಲ. ಮಾರನೇ ದಿನ ಸಂಜೆ ಆರಕ್ಕೆ ನೋಡಿದೆ, 32 ಇತ್ತು.