ಮಾವನ ಮಗನ ಜೊತೆ ಮದುವೆ ಮಾತು, ನಡುವೆ ಎ2 ರಿಪೋರ್ಟ್

ಸೋದರಮಾವನ ಮಗನ ಜೊತೆ ನನ್ನ ಮದುವೆಯ ಮಾತು ನಡೆಯುತ್ತಿದ್ದ ಹೊತ್ತಿಗೇ ನನ್ನ ರಕ್ತದ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ ಎ2 ಶೇಕಡಾ 5.3. ಕೆಳಗೆ ಒಂದು ಸಾಲು: ಬೀಟಾ ಥಲಸೀಮಿಯಾ ಟ್ರೇಟ್ ಇರಬಹುದು, ಮನೆಯವರ ರಕ್ತ ಪರೀಕ್ಷೆ ಮಾಡಿಸಿ. ಥಲಸೀಮಿಯಾ ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಇಳಿದು ಬರುವ ರಕ್ತದ ಕಾಯಿಲೆ. ಟ್ರೇಟ್ ಅಂದರೆ ಅದರ ದೋಷ ಎರಡು ಜೀನ್‌ಗಳಲ್ಲಿ ಒಂದರಲ್ಲಿ ಮಾತ್ರ ಇರುವುದು.

ಈ ಪರೀಕ್ಷೆಯವರೆಗೆ ಬಂದದ್ದೇ ಒಂದು ಕತೆ. ಪಿಯುಸಿ ಓದುವಾಗಿನಿಂದ ನನಗೆ ರಕ್ತ ಕಡಿಮೆ ಎಂದು ಐರನ್ ಮಾತ್ರೆ ಕೊಡುತ್ತಲೇ ಇದ್ದರು. ಅಮ್ಮ ಸೊಪ್ಪು, ರಾಗಿ, ಖರ್ಜೂರ ಅಂತ ತಿನ್ನಿಸುತ್ತಲೇ ಇದ್ದರು. ಹಿಮೋಗ್ಲೋಬಿನ್ ಮಾತ್ರ ಹತ್ತೂವರೆಯ ಆಸುಪಾಸಿನಿಂದ ಮೇಲೆ ಹೋಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ತೋರಿಸಿದ ಡಾಕ್ಟರು ಹಳೆಯ ರಿಪೋರ್ಟುಗಳನ್ನು ಸಾಲಾಗಿ ಮೇಜಿನ ಮೇಲೆ ಹರಡಿಕೊಂಡರು. ಹಿಮೋಗ್ಲೋಬಿನ್ ಸಾಲನ್ನು ಬಿಟ್ಟು ಅದರ ಕೆಳಗಿನ ಎರಡು ಸಾಲುಗಳಿಗೆ ಪೆನ್ನಿನಲ್ಲಿ ಗೆರೆ ಎಳೆದರು.

ಒಂದು, ಎಂಸಿವಿ. ಅಂದರೆ ಒಂದು ಕೆಂಪು ರಕ್ತಕಣದ ಸರಾಸರಿ ಗಾತ್ರ. ಅದು 80ಕ್ಕಿಂತ ಜಾಸ್ತಿ ಇರಬೇಕು, ನನ್ನದು 64. ಇನ್ನೊಂದು, ಕೆಂಪು ಕಣಗಳ ಎಣಿಕೆ. ನನ್ನದು 52 ಲಕ್ಷ. "ಕಬ್ಬಿಣದ ಕೊರತೆಯಲ್ಲೂ ಕಣ ಚಿಕ್ಕದಾಗುತ್ತೆ. ಆದರೆ ಆಗ ಎಣಿಕೆಯೂ ಸಾಮಾನ್ಯವಾಗಿ ಇಳಿಯುತ್ತೆ. ನಿಮ್ಮಲ್ಲಿ ಕಣ ಚಿಕ್ಕದು, ಆದರೆ ಎಣಿಕೆ ತುಂಬಾ ಇದೆ" ಅಂದರು. 52 ಲಕ್ಷ ಅಂದರೆ 5.2 ಮಿಲಿಯನ್, 64ನ್ನು ಆ 5.2ರಿಂದ ಭಾಗಿಸಿ 12.3 ಎಂದು ಬರೆದು ತೋರಿಸಿದರು. ಈ ಲೆಕ್ಕ 13ಕ್ಕಿಂತ ಕಡಿಮೆ ಬಂದರೆ ಥಲಸೀಮಿಯಾ ಟ್ರೇಟ್ ಕಡೆಗೆ ಅನುಮಾನ ಹೋಗಬೇಕಂತೆ. ಅನುಮಾನ ಅಷ್ಟೇ, ತೀರ್ಮಾನ ಅಲ್ಲ. ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ಹೇಳುವ ಫೆರಿಟಿನ್ ಪರೀಕ್ಷೆಯೂ ಆಯಿತು. ಅದು ಸರಿಯಾಗಿಯೇ ಇತ್ತು. ಇಷ್ಟು ವರ್ಷ ನುಂಗಿದ ಐರನ್ ಮಾತ್ರೆ ನನ್ನ ಹಿಮೋಗ್ಲೋಬಿನ್ ಏರಿಸದೇ ಇದ್ದದ್ದಕ್ಕೆ ಕಾರಣ ಸಿಕ್ಕಿತು. ನನಗೆ ಇದ್ದದ್ದು ಕಬ್ಬಿಣದ ಕೊರತೆಯೇ ಅಲ್ಲ.

ಆಮೇಲೆ ಹಿಮೋಗ್ಲೋಬಿನ್ ಎಲೆಕ್ಟ್ರೊಫೊರೆಸಿಸ್. ರಕ್ತ ತೆಗೆಯುವುದು ಮಾಮೂಲಿನಂತೆಯೇ. ಲ್ಯಾಬಿನಲ್ಲಿ ವಿದ್ಯುತ್ ಹರಿಸಿ ಬೇರೆ ಬೇರೆ ಬಗೆಯ ಹಿಮೋಗ್ಲೋಬಿನ್‌ಗಳನ್ನು ಬಿಡಿಸಿ, ಯಾವುದು ಎಷ್ಟು ಪಾಲು ಎಂದು ಅಳೆಯುತ್ತಾರೆ. ಈಗ ಎಷ್ಟೋ ಲ್ಯಾಬುಗಳಲ್ಲಿ ಇದೇ ಕೆಲಸವನ್ನು ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲಿ ಮಾಡುತ್ತಾರೆ. ದೊಡ್ಡವರ ರಕ್ತದಲ್ಲಿ ಬಹುಪಾಲು ಇರುವುದು ಹಿಮೋಗ್ಲೋಬಿನ್ ಎ. ಅದರಲ್ಲಿ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ. ಎ2 ಸ್ವಲ್ಪವೇ ಇರುತ್ತದೆ, ಅದರಲ್ಲಿ ಬೀಟಾ ಬದಲು ಡೆಲ್ಟಾ ಸರಪಳಿ. ಬೀಟಾ ಸರಪಳಿ ಮಾಡುವ ಜೀನ್ ನಮಗೆ ಎರಡು ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನನ್ನಲ್ಲಿ ಒಂದು ಸರಿಯಾಗಿ ಕೆಲಸ ಮಾಡುವುದಿಲ್ಲ. ಬೀಟಾ ಕಡಿಮೆಯಾದಾಗ ಡೆಲ್ಟಾ ಪಾಲು ಏರುತ್ತದೆ, ಎ2 ಹೆಚ್ಚುತ್ತದೆ. ಮೂರೂವರೆ ದಾಟಿದರೆ ಅನುಮಾನ ಬರುತ್ತದೆ. ನನ್ನಂತೆ ಐದು ದಾಟಿ, ಜೊತೆಗೆ ಕಣವೂ ಚಿಕ್ಕದಿದ್ದರೆ ಗೊಂದಲ ಇರುವುದಿಲ್ಲ.

ಇದು ಕಾಯಿಲೆಯಲ್ಲ ಎಂದು ಡಾಕ್ಟರು ಮೊದಲೇ ಹೇಳಿದರು. ರಕ್ತ ಏರಿಸಬೇಕಿಲ್ಲ, ಆಯಸ್ಸಿಗೆ ತೊಂದರೆ ಇಲ್ಲ, ಎರಡೂ ಜೀನ್ ಕೆಟ್ಟಾಗ ಬರುವ ಥಲಸೀಮಿಯಾ ಮೇಜರ್ ಎಂಬ ಕಾಯಿಲೆಯಾಗಿ ಇದು ವಯಸ್ಸಾದಂತೆ ಬದಲಾಗುವುದೂ ಇಲ್ಲ. ಬಸುರಿಯಾದಾಗ ಹಿಮೋಗ್ಲೋಬಿನ್ ಇನ್ನಷ್ಟು ಇಳಿಯಬಹುದು, ಆಗ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಐರನ್ ಮಾತ್ರೆಯನ್ನು ಫೆರಿಟಿನ್ ನೋಡಿಯೇ ತಗೋಬೇಕು. ಅಷ್ಟೇ. ಆಮೇಲೆ ಅವರು ಕೇಳಿದರು: "ಮದುವೆ ಗೊತ್ತಾಗಿದೆಯಾ?"

ಸೋದರಮಾವನ ಮಗ ಎಂದೆ. ಪೆನ್ನು ಕೆಳಗಿಟ್ಟು, "ಹಾಗಾದರೆ ಮೊದಲು ನಿಮ್ಮ ಅಪ್ಪ ಅಮ್ಮನ ರಕ್ತ ಪರೀಕ್ಷೆ ಮಾಡಿಸಿ. ಇದು ಯಾರ ಕಡೆಯಿಂದ ಬಂದಿದೆ ಅಂತ ಗೊತ್ತಾಗಬೇಕು" ಅಂದರು.

ಅಪ್ಪನದು ಸರಿಯಾಗಿತ್ತು. ಅಮ್ಮನ ಎ2 5.1. ಅಲ್ಲಿಗೆ ವಿಷಯ ಬದಲಾಯಿತು. ಅಮ್ಮನಿಗೆ ಬಂದದ್ದು ಅಜ್ಜನಿಂದಲೋ ಅಜ್ಜಿಯಿಂದಲೋ ಆಗಿರಬೇಕು. ಹಾಗಿದ್ದರೆ ಅಮ್ಮನ ಒಡಹುಟ್ಟಿದ ಮಾವನಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಮಾವನಿಂದ ಅವರ ಮಗನಿಗೆ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ದೇಶದಲ್ಲಿ ನೂರು ಜನರಲ್ಲಿ ಮೂರು ನಾಲ್ಕು ಜನಕ್ಕೆ ಈ ಟ್ರೇಟ್ ಇದೆ ಎನ್ನುತ್ತಾರೆ. ಹೊರಗಿನ ಹುಡುಗನಾದರೆ ಇರಬಹುದಾದ ಸಾಧ್ಯತೆ ಸುಮಾರು ಅಷ್ಟು. ಮಾವನ ಮಗನಾದರೆ ನೂರಕ್ಕೆ ಇಪ್ಪತ್ತೈದು. ನನ್ನದು ಅಪ್ಪನ ಕಡೆಯಿಂದ ಬಂದಿದ್ದರೆ ಇದೇ ಹುಡುಗನ ಲೆಕ್ಕ ಬೇರೆಯೇ ಆಗುತ್ತಿತ್ತು. ಸಂಬಂಧದಲ್ಲಿ ಮದುವೆ ಬೇಡ ಎಂದು ಎಲ್ಲರೂ ಹೇಳುತ್ತಾರೆ, ಯಾಕೆ ಎಂದು ಇಷ್ಟು ಬಿಡಿಸಿ ಹೇಳಿದವರು ನನಗೆ ಅಲ್ಲಿಯವರೆಗೆ ಯಾರೂ ಸಿಕ್ಕಿರಲಿಲ್ಲ.

ತಿಪಟೂರಿನಲ್ಲಿ ಮಾವನ ಮನೆಗೆ ಅಮ್ಮ, ನಾನು ಇಬ್ಬರೂ ಹೋದೆವು. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತ್ತು. ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನಮ್ಮ ವಂಶದಲ್ಲಿ ಯಾರಿಗೂ ರಕ್ತದ ಕಾಯಿಲೆ ಇಲ್ಲ ಕಣಮ್ಮ" ಅಂದರು. ಅವರ ಮಾತು ನಿಜವೇ. ಟ್ರೇಟ್ ಇದ್ದವರು ಚೆನ್ನಾಗಿಯೇ ಇರುತ್ತಾರೆ, ಅದಕ್ಕೇ ಮೂರು ತಲೆಮಾರು ಯಾರಿಗೂ ತಿಳಿಯದೆ ಇದು ಇಳಿದು ಬಂದಿದೆ. ಇಬ್ಬರು ಟ್ರೇಟಿನವರು ಮದುವೆಯಾದಾಗ ಮಾತ್ರ ಮಗುವಿನಲ್ಲಿ ಕಾಯಿಲೆ ಕಾಣಿಸಿಕೊಳ್ಳಬಹುದು. ನಾನು ಇದನ್ನು ಹೇಳುತ್ತಿದ್ದಾಗ ಭಾವ ಎದ್ದು ಒಳಗಿಂದ ಅಂಗಿ ಹಾಕಿಕೊಂಡು ಬಂದ. "ಲ್ಯಾಬ್ ಎಷ್ಟು ಗಂಟೆಗೆ ಮುಚ್ಚುತ್ತೆ?" ಎಂದಷ್ಟೇ ಕೇಳಿದ. ಅವತ್ತು ಅವನ ಮೇಲೆ ನನಗಿದ್ದ ಗೌರವ ದುಪ್ಪಟ್ಟಾಯಿತು.

ಅವನ ರಿಪೋರ್ಟ್ ಬಂದಾಗ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಎ2 3.4. ಕೆಳಗೆ ನಾರ್ಮಲ್ ಎಂದೇ ಬರೆದಿತ್ತು. ಮಾವ ಛತ್ರದ ಮಾತು ಶುರು ಮಾಡಿದರು. ನಾನು ರಿಪೋರ್ಟಿನ ಫೋಟೋವನ್ನು ಡಾಕ್ಟರಿಗೆ ಕಳಿಸಿದೆ. ಅವರು ವಾಪಸ್ ಕೇಳಿದ್ದು ಒಂದೇ: "ಎಂಸಿವಿ ಎಷ್ಟು? ಫೆರಿಟಿನ್ ಮಾಡಿಸಿದ್ದೀರಾ?"

ಎಂಸಿವಿ 63. ಹಿಮೋಗ್ಲೋಬಿನ್ 10.1, ಗಂಡಸರಿಗೆ ಇದು ತುಂಬಾ ಕಡಿಮೆ. ಫೆರಿಟಿನ್ ಮಾಡಿಸಿದಾಗ 7 ಬಂತು, ಅಂದರೆ ಮೈಯಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು. ಈ ವಿಷಯವನ್ನು ಎಲ್ಲರೂ ತಿಳಿದಿರಬೇಕು ಎಂದು ನನಗೆ ಬಹಳ ಅನ್ನಿಸುತ್ತದೆ. ಕಬ್ಬಿಣದ ಕೊರತೆ ಜೋರಾಗಿದ್ದರೆ ಎ2 ತಯಾರಾಗುವುದೂ ಕುಗ್ಗುತ್ತದೆ. ಟ್ರೇಟ್ ಇದ್ದವರ ಎ2 ಸಹ ಇಳಿದು ಗಡಿಯ ಒಳಗೆ ಬಂದು ಕೂರಬಹುದು. ಆಗ ಬರುವ ನಾರ್ಮಲ್ ರಿಪೋರ್ಟನ್ನು ನಂಬಿ ಮದುವೆ ಗೊತ್ತು ಮಾಡಿದರೆ ಮುಂದೆ ಮಗುವಿನ ಪಾಲಿಗೆ ಕಷ್ಟ. ಎ2 ಅಂಕಿಯೊಂದನ್ನೇ ಓದಬಾರದು, ಎಂಸಿವಿ ಮತ್ತು ಫೆರಿಟಿನ್ ಪಕ್ಕದಲ್ಲಿಟ್ಟುಕೊಂಡೇ ಓದಬೇಕು. ಇತ್ತೀಚೆಗೆ ರಕ್ತ ಏರಿಸಿಕೊಂಡಿದ್ದರೂ ಅಂಕಿ ಕೆಡುತ್ತದೆ, ಯಾಕೆಂದರೆ ಅಳೆಯುವುದು ಇನ್ನೊಬ್ಬರ ರಕ್ತವನ್ನೂ ಸೇರಿಸಿ.

ತಾರೀಖು ನೋಡುವುದನ್ನು ಮುಂದಕ್ಕೆ ಹಾಕಿದೆವು. ಗಂಡಸರಲ್ಲಿ ಇಷ್ಟು ಕೊರತೆ ಇದ್ದರೆ ಕಾರಣ ಹುಡುಕಲೇಬೇಕು. ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳ ಸಿಕ್ಕಿತು. ಭಾವ ತೆಂಗಿನ ತೋಟದಲ್ಲಿ ಬರಿಗಾಲಲ್ಲೇ ಓಡಾಡುವವನು, ಕೊಕ್ಕೆಹುಳ ಮಣ್ಣಿನಿಂದ ಕಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹುಳಕ್ಕೆ ಔಷಧಿ, ಮೂರು ತಿಂಗಳು ಐರನ್ ಮಾತ್ರೆ. ಆಮೇಲೆ ಮತ್ತೆ ಪರೀಕ್ಷೆ. ಹಿಮೋಗ್ಲೋಬಿನ್ 12.4ಕ್ಕೆ ಏರಿತ್ತು, ಫೆರಿಟಿನ್ ಸರಿಯಾಗಿತ್ತು. ಎಂಸಿವಿ ಮಾತ್ರ 67ರಲ್ಲೇ ನಿಂತಿತ್ತು. ಎ2 4.4. ಅವನಿಗೂ ಟ್ರೇಟ್ ಇತ್ತು.

ಕೊನೆಯ ಅನುಮಾನವೂ ಬೇಡ ಎಂದು ಇಬ್ಬರ ಬೀಟಾ ಜೀನ್ ಪರೀಕ್ಷೆ ಮಾಡಿಸಿದೆವು. ಇಬ್ಬರಲ್ಲೂ ಒಂದೇ ದೋಷ, ಐವಿಎಸ್ 1-5 ಎಂಬುದು. ನಮ್ಮ ದೇಶದಲ್ಲಿ ಅತಿ ಹೆಚ್ಚು ಕಾಣುವುದು ಇದೇ. ನಮ್ಮಿಬ್ಬರಿಗೂ ಅದು ಬಂದದ್ದು ಬಹುಶಃ ಒಂದೇ ಅಜ್ಜ ಅಜ್ಜಿಯ ಮನೆಯಿಂದ.

ಜೆನೆಟಿಕ್ ಕೌನ್ಸೆಲರ್ ಮುಂದೆ ಇಬ್ಬರೂ ಕೂತೆವು. ಮದುವೆಯಾಗಬೇಡಿ ಎಂದು ಅವರು ಹೇಳಲಿಲ್ಲ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಥಲಸೀಮಿಯಾ ಮೇಜರ್ ಬರಬಹುದು, ಎರಡು ಪಾಲು ನಮ್ಮಂತೆ ಟ್ರೇಟ್, ಒಂದು ಪಾಲು ಏನೂ ಇಲ್ಲದಿರಬಹುದು. ಮೊದಲ ಮಗು ಚೆನ್ನಾಗಿ ಹುಟ್ಟಿತು ಅಂದರೆ ಎರಡನೆಯದರ ಲೆಕ್ಕ ಕಡಿಮೆಯಾಗುವುದಿಲ್ಲ, ಪ್ರತಿ ಸಲವೂ ಅಷ್ಟೇ. ಮೇಜರ್ ಇರುವ ಮಗು ಹುಟ್ಟಿದಾಗ ಚೆನ್ನಾಗಿಯೇ ಕಾಣುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗೆ ಬಿಳಿಚಿಕೊಳ್ಳಲು ಶುರುವಾಗುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಏರಿಸಿದ ರಕ್ತದಿಂದ ಕಬ್ಬಿಣ ಹೃದಯ, ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ, ಅದನ್ನು ಹೊರಹಾಕಲು ದಿನಾ ಔಷಧಿ. ಹೊಂದುವ ದಾನಿ ಸಿಕ್ಕರೆ ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಹುದು.

ಮದುವೆಯಾಗುವುದಾದರೆ ದಾರಿ ಇದೆ ಎಂದೂ ಅವರು ಹೇಳಿದರು. ಬಸಿರು ನಿಂತ ತಕ್ಷಣ ತೋರಿಸಬೇಕು. ಹನ್ನೊಂದನೇ ವಾರದ ಹೊತ್ತಿಗೆ ಮಾಸಿನಿಂದ ಚೂರು ತೆಗೆದು ಮಗುವಿನ ಜೀನ್ ನೋಡಬಹುದು. ತಡವಾದರೆ ಹದಿನಾರು ವಾರದ ಮೇಲೆ ಗರ್ಭದ ನೀರಿನಿಂದ ಪರೀಕ್ಷೆ. ನಮ್ಮಿಬ್ಬರ ದೋಷ ಯಾವುದೆಂದು ಈಗಲೇ ಗೊತ್ತಿರುವುದರಿಂದ ಆಗ ಹುಡುಕುತ್ತಾ ಕೂರಬೇಕಿಲ್ಲ. ಮೇಜರ್ ಎಂದು ತಿಳಿದರೆ ಮುಂದುವರಿಸುವುದೋ ಬೇಡವೋ ನಾವೇ ತೀರ್ಮಾನಿಸಬೇಕು. ಈ ದಾರಿಯಲ್ಲಿ ಹೋಗಿ ಚೆನ್ನಾಗಿರುವ ದಂಪತಿಗಳಿದ್ದಾರೆ. ಪ್ರೀತಿಸಿ ಮದುವೆಯಾಗುವವರು ಇದನ್ನು ಆರಿಸಿಕೊಂಡರೆ ಅದು ಸರಿಯೇ.

ನಮ್ಮದು ಹಿರಿಯರು ಮಾತಾಡಿದ್ದ ಸಂಬಂಧ. ಹೊರಗೆ ಬಂದು ಕಾಫಿ ಕುಡಿಯುತ್ತಾ ಭಾವ, "ನನ್ನಿಂದ ನಿನಗೆ ಆ ಹನ್ನೊಂದನೇ ವಾರ ಬೇಡ" ಅಂದ. ನನಗೂ ಅದೇ ಅನ್ನಿಸಿತ್ತು. ಮಾವ ಅತ್ತೆ ಬೇಸರ ಪಟ್ಟುಕೊಂಡರು, ಜಗಳವಾಗಲಿಲ್ಲ. ಒಂದೇ ಮನೆಯಿಂದ ಇಬ್ಬರಿಗೂ ಬಂದದ್ದಕ್ಕೆ ಯಾರನ್ನು ಬೈಯುವುದು?

ಈಗ ನನಗೆ ಬೇರೆ ಸಂಬಂಧ ಗೊತ್ತಾಗಿದೆ. ಜಾತಕ ಕೊಡುವ ಮೊದಲೇ ನನ್ನ ರಿಪೋರ್ಟ್ ಕೊಟ್ಟು, ಹುಡುಗನ ಪರೀಕ್ಷೆ ಮಾಡಿಸಲು ಕೇಳಿದೆ. ಕೆಲವು ಮನೆಯವರು ಅಲ್ಲಿಗೇ ಮಾತು ನಿಲ್ಲಿಸಿದ್ದರು. ಇವರು ನಿಲ್ಲಿಸಲಿಲ್ಲ. ಹುಡುಗನ ಎಂಸಿವಿ 88, ಎ2 2.6, ಫೆರಿಟಿನ್ ಸರಿ. ಎ2 ಒಂದನ್ನೇ ನೋಡಲಿಲ್ಲ, ಸಿಕಲ್ ಸೆಲ್‌ನ ಎಸ್ ಅಥವಾ ಇ ಬಗೆಯ ಹಿಮೋಗ್ಲೋಬಿನ್ ಇದೆಯಾ ಎಂದೂ ನೋಡಿದರು. ಅವುಗಳ ಟ್ರೇಟ್ ನನ್ನ ಟ್ರೇಟಿನ ಜೊತೆ ಕೂಡಿದರೂ ಮಗುವಿಗೆ ಕಾಯಿಲೆ ಬರಬಹುದು. ನಮ್ಮ ಮೈಸೂರು, ಚಾಮರಾಜನಗರ ಕಡೆಯ ಕಾಡಿನ ಸಮುದಾಯಗಳಲ್ಲಿ ಸಿಕಲ್ ಸೆಲ್ ಇದೆ. ಇ ಬಗೆಯದು ಬಂಗಾಳ, ಅಸ್ಸಾಂ ಕಡೆ ಜಾಸ್ತಿ. ಇವನಲ್ಲಿ ಯಾವುದೂ ಇರಲಿಲ್ಲ. ನಮ್ಮ ಪ್ರತಿ ಮಗುವಿಗೂ ನನ್ನಂತೆ ಟ್ರೇಟ್ ಬರುವ ಸಾಧ್ಯತೆ ಅರ್ಧ ಇದೆ. ಅವರೂ ದೊಡ್ಡವರಾದಾಗ ಇದೇ ಪರೀಕ್ಷೆ ಮಾಡಿಸಬೇಕು.

ಭಾವನ ತಂಗಿಗೆ ಈಗ ಗಂಡು ನೋಡುತ್ತಿದ್ದಾರೆ. ಮೊನ್ನೆ ಅತ್ತೆ ಫೋನ್ ಮಾಡಿ, "ಯಾವ ಟೆಸ್ಟ್ ಅಂತ ಬರೆದು ಕಳಿಸೇ" ಅಂದರು. ಪೂರ್ತಿ ರಕ್ತದೆಣಿಕೆ, ಫೆರಿಟಿನ್, ಹಿಮೋಗ್ಲೋಬಿನ್ ಎಲೆಕ್ಟ್ರೊಫೊರೆಸಿಸ್, ಮೂರೂ ಒಂದೇ ದಿನ ಮಾಡಿಸಿ, ಮೂರೂ ರಿಪೋರ್ಟ್ ಸೇರಿಸಿಯೇ ಡಾಕ್ಟರಿಗೆ ತೋರಿಸಿ ಎಂದು ಬರೆದು ಕಳಿಸಿದೆ.